ಯಾವ ಗಾಂಧಾರಕ್ಕೆ ಅಂಕ? ಮಕ್ಕಳ ಸಂಗೀತ ಸ್ಪರ್ಧೆಯ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಡಿಸೆಂಬರಿನಲ್ಲಿ ಉಡುಪಿಯಲ್ಲಿ ನೀವು ನಡೆಸಿದ ಮಕ್ಕಳ ಶಾಸ್ತ್ರೀಯ ಗಾಯನ ಸ್ಪರ್ಧೆಯ ಹಿಂದೂಸ್ತಾನಿ ವಿಭಾಗದಲ್ಲಿ ನನ್ನ 13 ವರ್ಷದ ಶಿಷ್ಯೆಯೊಬ್ಬಳು ಭೂಪ ರಾಗ ಹಾಡಿದಳು. ಅವಳಿಗೆ ಬಹುಮಾನ ಬರಲಿಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಲಯದಲ್ಲಿ ಅವಳು ಎರಡು ಕಡೆ ಎಡವಿದ್ದು ನಿಜ, ತಾನುಗಳೂ ಇನ್ನೂ ಪಳಗಬೇಕು. ನಾನು ಈ ಪತ್ರ ಬರೆಯಲು ಕಾರಣ, ಆಮೇಲೆ ನೀವು ಕೊಟ್ಟ ಅಂಕಪಟ್ಟಿಯಲ್ಲಿ 'ಶ್ರುತಿ' ಎಂಬ ಕಲಮಿನ ಎದುರು 20ಕ್ಕೆ 11 ಅಂಕ ಹಾಕಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಸಾಲು: 'ಗಾಂಧಾರ ಇಳಿಯುತ್ತದೆ, ಧೈವತವೂ.' ಆ ಸಾಲನ್ನು ಬರೆದವರ ಕಿವಿ ಮೊಂಡು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಕೇಳಿದ್ದು ಸರಿಯಾಗಿಯೇ ಕೇಳಿದೆ. ಆದರೆ ಗಾಂಧಾರ ಇಳಿಯಿತು ಎಂದರೆ ಯಾವುದಕ್ಕಿಂತ ಇಳಿಯಿತು ಎಂಬ ಪ್ರಶ್ನೆಯನ್ನು ಅಂದು ಆ ಸಭಾಂಗಣದಲ್ಲಿ ಯಾರೂ ಕೇಳಿಕೊಂಡಂತೆ ಕಾಣಲಿಲ್ಲ.

ನಿಮ್ಮ ನಿಯಮಪತ್ರದ ಪ್ರಕಾರ ಸ್ಪರ್ಧಿಗಳೆಲ್ಲರೂ ಸಂಘಟಕರು ಒದಗಿಸುವ ಹಾರ್ಮೋನಿಯಂ ಜೊತೆಗೇ ಹಾಡಬೇಕು. ಅಂದು ವೇದಿಕೆಯಲ್ಲಿ ಹಾರ್ಮೋನಿಯಮ್ಮಿಗೆ ಪ್ರತ್ಯೇಕ ಮೈಕು ಇತ್ತು. ವಿದ್ಯುತ್ ತಂಬೂರದ ಪೆಟ್ಟಿಗೆ ಮಾತ್ರ ತಬಲಾದವರ ಬೆನ್ನ ಹಿಂದೆ ನೆಲದ ಮೇಲೆ ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು. ಮೂರನೆಯ ಸಾಲಿನಲ್ಲಿ ಕುಳಿತ ನನಗೆ ತಂಬೂರ ಕೇಳಿಸಿದ್ದು ಒಬ್ಬ ಸ್ಪರ್ಧಿ ಇಳಿದು ಇನ್ನೊಬ್ಬರು ಹತ್ತುವ ನಡುವಿನ ಹೊತ್ತಿನಲ್ಲಿ ಮಾತ್ರ. ತೀರ್ಪುಗಾರರ ಮೇಜು ಇನ್ನೂ ಹಿಂದೆ ಇತ್ತು. ಹಾಗಾಗಿ ಮಗುವಿನ ಗಾಂಧಾರವನ್ನು ಅವರು ಹಾರ್ಮೋನಿಯಮ್ಮಿನ ಗಾಂಧಾರದ ಪಕ್ಕದಲ್ಲಿಟ್ಟು ಅಳೆದಿದ್ದಾರೆ, ಅಳೆಯಲು ಅಲ್ಲಿ ಬೇರೆ ಏನೂ ಇರಲಿಲ್ಲ.

ಮರುದಿನ ಹುಡುಗಿಯನ್ನು ಕಲ್ಸಂಕದ ಬಳಿಯ ನಮ್ಮ ಮನೆಗೆ ಕರೆಸಿ, ಮರದ ತಂಬೂರವನ್ನು ಅವಳ ಶ್ರುತಿಯಾದ ಕಪ್ಪು 4ಕ್ಕೆ ಸೇರಿಸಿ, ಜೀವಾಳದ ದಾರ ಸರಿಪಡಿಸಿ, ಭೂಪದ ಆಲಾಪವನ್ನು ಮತ್ತೆ ಹಾಡಿಸಿದೆ. ಸ್ವರ ಅಳೆಯುವ ಟ್ಯೂನರ್ ಆ್ಯಪ್ ಇರುವ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದು, ಪರದೆಯನ್ನು ಅವಳಿಗೆ ಕಾಣದ ಹಾಗೆ ನನ್ನ ಕಡೆಗೆ ತಿರುಗಿಸಿಕೊಂಡಿದ್ದೆ. ಅವಳ ಶ್ರುತಿಯಲ್ಲಿ ಹಾರ್ಮೋನಿಯಮ್ಮಿನ ಗಾಂಧಾರದ ಕೀಗೆ ಆ ಆ್ಯಪ್ ಕೊಡುವ ಹೆಸರು C4. ಗಾಂಧಾರದ ಮೇಲೆ ಅವಳು ನಿಂತಾಗಲೆಲ್ಲ ಪರದೆ ತೋರಿಸಿದ್ದು `C4 −13`, `C4 −11`, ಒಮ್ಮೆ `C4 −15`. ಆಮೇಲೆ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟು, ಅವಳು ಹಾಡಿದ್ದನ್ನೇ ನಾನು ಜೋರಾಗಿ ನುಡಿಸುತ್ತ ಬಂದೆ. ಮೊದಲು ಅವಳು ತಡವರಿಸಿದಳು. ಐದು ನಿಮಿಷ ಕಳೆದ ಮೇಲೆ, ನಾನು ತಿದಿಯಿಂದ ಕೈ ತೆಗೆದು ಸುಮ್ಮನಾದ ಕ್ಷಣದಲ್ಲಿ ನೋಡಿದರೆ, ಅದೇ ಗಾಂಧಾರ `C4 −3`ಕ್ಕೆ ಏರಿತ್ತು. ಸ್ಪರ್ಧೆಯ ಧ್ವನಿಮುದ್ರಿಕೆಯಲ್ಲಿ ಹಾರ್ಮೋನಿಯಂ ಮೌನವಾಗಿರುವ ಕೆಲವೇ ಜಾಗಗಳನ್ನು ಹುಡುಕಿ ಅಳೆದಾಗಲೂ ಇದೇ ಕಥೆ: ಆರಂಭದ ಆಲಾಪದಲ್ಲಿ ಹನ್ನೆರಡು ಹದಿಮೂರು ಕೆಳಗಿದ್ದ ಸ್ವರ, ಬಂದಿಶ್ ಮುಗಿಯುವ ಹೊತ್ತಿಗೆ ಎಲ್ಲಿ ನಿಲ್ಲುವುದೆಂದು ತಿಳಿಯದೆ ಅತ್ತಿತ್ತ ತೂಗುತ್ತಿತ್ತು. ಶ್ರುತಿ ಇಲ್ಲದ ಹುಡುಗಿಯ ಲಕ್ಷಣ ಇದಲ್ಲ. ಎರಡು ಗಾಂಧಾರಗಳ ನಡುವೆ ಸಿಕ್ಕಿಬಿದ್ದವಳ ಲಕ್ಷಣ ಇದು.

ಈ 'ಹದಿಮೂರು' ಎಂಬುದರ ಅರ್ಥವನ್ನು ವಿವರಿಸಬೇಕು. ಹಾರ್ಮೋನಿಯಮ್ಮಿನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ, ಕಪ್ಪು ಬಿಳಿ ಎಲ್ಲ ಸೇರಿಸಿ, ಇರುವ ಅಂತರವನ್ನು ನೂರು ಭಾಗ ಮಾಡಿದರೆ ಅದರ ಒಂದು ಭಾಗವೇ ಒಂದು ಸೆಂಟ್. ಸಪ್ತಕದ ಹನ್ನೆರಡು ಅಂತರಗಳೂ ಸಮನಾಗಿರುವುದರಿಂದ ಷಡ್ಜದಿಂದ ನಾಲ್ಕನೆಯ ಕೀಯಾದ ಶುದ್ಧ ಗಾಂಧಾರ, ಕರ್ನಾಟಕ ಪದ್ಧತಿಯವರ ಅಂತರ ಗಾಂಧಾರ, 400 ಸೆಂಟಿನಲ್ಲಿ ಬರುತ್ತದೆ. ತಂಬೂರ ಈ ಲೆಕ್ಕವನ್ನು ಕೇಳುವುದಿಲ್ಲ. ಖರಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಮೊದಲು ಷಡ್ಜ, ಒಳಗಿನಿಂದ ಪಂಚಮ, ಅದು ಇಳಿಯುತ್ತಿರುವಾಗ ಮೇಲೆ ತೇಲಿಬರುವ ಗಾಂಧಾರ ಕೇಳಿಸುತ್ತದೆ. ನಮ್ಮ ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎಂದರು. ತಂತಿ ತನ್ನ ಮೂಲ ಕಂಪನದ ಐದರಷ್ಟು ವೇಗದಲ್ಲಿಯೂ ಕಂಪಿಸುತ್ತಿರುವುದರಿಂದ ಹುಟ್ಟುವ ಸ್ವರ ಅದು. ಅದನ್ನು ಕೆಳಗಿನ ಸಪ್ತಕಕ್ಕೆ ಇಳಿಸಿಕೊಂಡರೆ ಗಾಂಧಾರವು ಷಡ್ಜದ ಐದು ನಾಲ್ಕಾಂಶ, ಅಂದರೆ 386 ಸೆಂಟ್. ಹಾರ್ಮೋನಿಯಮ್ಮಿನ ಗಾಂಧಾರ ಇದಕ್ಕಿಂತ 14 ಸೆಂಟ್ ಮೇಲಿದೆ. ನನ್ನ ಶಿಷ್ಯೆ ಹಾಡಿದ್ದು ಇದರ ಅಕ್ಕಪಕ್ಕದ ಗಾಂಧಾರವನ್ನು, ಕಾರಣ ಅವಳು ತಂಬೂರದ ಮುಂದೆ ಕುಳಿತು ಕಲಿತವಳು.

ಹದಿನಾಲ್ಕು ಸೆಂಟ್ ಎಂದರೆ ಒಂದು ಸ್ವರಾಂತರದ ಏಳನೆಯ ಒಂದು ಪಾಲು ಮಾತ್ರ, ಇಷ್ಟಕ್ಕೆ ಇಷ್ಟು ಗದ್ದಲವೇ ಎಂದು ನೀವು ಕೇಳಬಹುದು. ಒಂದರ ನಂತರ ಒಂದು ಬಂದಾಗ ಆ ಅಂತರವನ್ನು ಅನೇಕರು ಗುರುತಿಸಲಾರರು, ಒಪ್ಪುತ್ತೇನೆ. ಎರಡೂ ಒಟ್ಟಿಗೆ ನುಡಿದಾಗ ಮಾತ್ರ ಅದು ಅಡಗುವುದಿಲ್ಲ. ಕಪ್ಪು 4ರ ಲೆಕ್ಕವನ್ನೇ ಹಿಡಿಯೋಣ. ಆ ಶ್ರುತಿಯ ಖರಜದ ತಂತಿ ಸೆಕೆಂಡಿಗೆ ಸುಮಾರು 103.8 ಸಲ ಕಂಪಿಸುತ್ತದೆ, ಅದರ ಸ್ವಯಂಭೂ ಗಾಂಧಾರ 519.1ರಲ್ಲಿರುತ್ತದೆ. ಹಾರ್ಮೋನಿಯಮ್ಮಿನ ಮಧ್ಯ ಗಾಂಧಾರ 261.6, ಅದರ ಇಮ್ಮಡಿ ಸ್ವರ 523.3. ಈ ಎರಡರ ನಡುವೆ ನಾಲ್ಕು ಕಂಪನಗಳ ವ್ಯತ್ಯಾಸವಿರುವುದರಿಂದ ಸೆಕೆಂಡಿಗೆ ನಾಲ್ಕು ಸಲ ಧ್ವನಿ ಉಬ್ಬಿ ತಗ್ಗುತ್ತದೆ, ವಂವಂವಂ ಎಂದು ಅಲೆ ಏಳುತ್ತದೆ. ಅದೇ ಹಾರ್ಮೋನಿಯಮ್ಮಿನಲ್ಲಿ ಪಂಚಮ ಒತ್ತಿ ನೋಡಿ: ಅದು ತಂಬೂರದ ಪಂಚಮಕ್ಕಿಂತ ಎರಡೇ ಸೆಂಟ್ ಕೆಳಗಿದೆ, ಒಂದು ಅಲೆ ಏಳಲು ಮೂರು ಸೆಕೆಂಡು ಹಿಡಿಯುತ್ತದೆ, ಯಾರ ಗಮನಕ್ಕೂ ಬಾರದು. ಮಧ್ಯಮವೂ ಎರಡು ಸೆಂಟಿನ ಮಾತು. ರಿಷಭ ನಾಲ್ಕು. ಪೆಟ್ಟು ಬೀಳುವುದು ಗಾಂಧಾರ, ಧೈವತ, ನಿಷಾದಗಳಿಗೆ. ಪರೀಕ್ಷೆ ಮಾಡಲು ಯಾವ ಯಂತ್ರವೂ ಬೇಡ, ನಿಶ್ಶಬ್ದವಾದ ಕೋಣೆಯಲ್ಲಿ ಚೆನ್ನಾಗಿ ಸೇರಿಸಿದ ತಂಬೂರ ಮೀಟಿಸುತ್ತ, ಒಂದೇ ಸಾಲಿನ ರೀಡು ತೆರೆದು, ಮೊದಲು ಪಂಚಮವನ್ನೂ ಆಮೇಲೆ ಗಾಂಧಾರವನ್ನೂ ಹತ್ತು ಹತ್ತು ಸೆಕೆಂಡು ಒತ್ತಿ ಹಿಡಿದರೆ ಸಾಕು.

ಸ್ಪರ್ಧೆಗೆ ಭೂಪವನ್ನು ಆರಿಸಿದ್ದು ನಾನೇ, ಮತ್ತು ಈ ದೃಷ್ಟಿಯಿಂದ ಅದಕ್ಕಿಂತ ದುರದೃಷ್ಟದ ಆಯ್ಕೆ ಇರಲಿಲ್ಲ. ಐದೇ ಸ್ವರಗಳ ಈ ರಾಗದ ವಾದಿ ಸ್ವರ ಗಾಂಧಾರ, ಸಂವಾದಿ ಧೈವತ. ಹಾಡುವವರು ಮತ್ತೆ ಮತ್ತೆ ಬಂದು ನಿಲ್ಲುವುದು ಗಾಂಧಾರದ ಮೇಲೆ. ಆ ಗಾಂಧಾರಕ್ಕೂ ಧೈವತಕ್ಕೂ ಷಡ್ಜ ಮಧ್ಯಮಗಳ ನಂಟೇ ಇರಬೇಕಾದ್ದರಿಂದ ಗಾಂಧಾರ 386ಕ್ಕೆ ಕೂತರೆ ಧೈವತ 884ಕ್ಕೆ ಕೂರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅದು 900. ಅಂದರೆ ಹಾರ್ಮೋನಿಯಂ ತಂಬೂರದಿಂದ ಅತಿ ದೂರ ಸರಿದಿರುವ ಎರಡು ಶುದ್ಧ ಸ್ವರಗಳೇ ಈ ರಾಗದ ಎರಡು ಕಂಬಗಳು. ಅಂಕಪಟ್ಟಿಯಲ್ಲಿ 'ಧೈವತವೂ' ಎಂದು ಬರೆದ ತೀರ್ಪುಗಾರರ ಕಿವಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಅದಕ್ಕಾಗಿಯೇ ಅವರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಹಾಗಿದ್ದರೆ ಹಾರ್ಮೋನಿಯಮ್ಮಿನ ಶ್ರುತಿಯನ್ನೇ ತಿದ್ದಿಸಬಾರದೇಕೆ ಎಂಬ ಮಾತು ಸಹಜವಾಗಿ ಬರುತ್ತದೆ. ತಿದ್ದಬಹುದು. ಹಿತ್ತಾಳೆಯ ರೀಡಿನ ತುದಿಯನ್ನು ಅರದಿಂದ ನವಿರಾಗಿ ಕೆರೆದರೆ ಸ್ವರ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ರೀಡುಗಳು ಕಿಲುಬು ಹಿಡಿಯುವುದರಿಂದ ಈ ಕೆರೆಯುವ ಕೆಲಸ ಇಲ್ಲಿ ಬಯಲುಸೀಮೆಗಿಂತ ಹೆಚ್ಚು. ಮಳೆಗಾಲ ಮುಗಿಸಿದ ಪೆಟ್ಟಿಗೆಯನ್ನು ನೋಡದೆಯೇ ವೇದಿಕೆಗೆ ಒಯ್ದರೆ ಮೇಲಿನ ಲೆಕ್ಕವೆಲ್ಲ ಇನ್ನಷ್ಟು ಹದಗೆಡುತ್ತದೆ. ತಂಬೂರಕ್ಕೆ ಹೊಂದುವಂತೆ ಮಾಡಿದ ಶ್ರುತಿಯನ್ನು ಕೆಲವು ತಯಾರಕರು 'ಗಾಂಧಾರ ಟ್ಯೂನಿಂಗ್' ಎನ್ನುತ್ತಾರೆ. ಒಬ್ಬನೇ ಗಾಯಕ, ಒಂದೇ ಷಡ್ಜ ಎಂದಾದರೆ ಅದು ಬಹಳ ಹಿತವಾದ ವ್ಯವಸ್ಥೆ. ತೊಡಕು ಇರುವುದು ಷಡ್ಜ ಬದಲಾದಾಗ.

ಬಿಳಿ 1ನ್ನು ಷಡ್ಜವಾಗಿಟ್ಟುಕೊಂಡು ಪೆಟ್ಟಿಗೆಯನ್ನು ಹಾಗೆ ತಿದ್ದಿದ್ದೇವೆ ಎಂದುಕೊಳ್ಳೋಣ. ಭೂಪಕ್ಕೆ ಬೇಕಾದಂತೆ ಧೈವತದ ರೀಡನ್ನು 16 ಸೆಂಟ್ ಇಳಿಸಿದ್ದೇವೆ, ರಿಷಭವನ್ನು 4 ಸೆಂಟ್ ಏರಿಸಿದ್ದೇವೆ. ಈಗ ಮುಂದಿನ ಮಗು ಬಂದು ತನ್ನ ಶ್ರುತಿ ಬಿಳಿ 2 ಎನ್ನುತ್ತದೆ. ಹಿಂದಿನವರ ರಿಷಭವೇ ಇವರ ಷಡ್ಜ, ಹಿಂದಿನವರ ಧೈವತವೇ ಇವರ ಪಂಚಮ. ಷಡ್ಜ ನಾಲ್ಕು ಏರಿದೆ, ಪಂಚಮ ಹದಿನಾರು ಇಳಿದಿದೆ, ಹೀಗಾಗಿ 700 ಇದ್ದ ಅಂತರ 680ಕ್ಕೆ ಕುಸಿದು, ಶುದ್ಧ ಪಂಚಮಕ್ಕಿಂತ ಸುಮಾರು 22 ಸೆಂಟ್ ಕೆಳಗೆ ಬಿದ್ದಿದೆ. ಇದನ್ನು ಕೇಳಲು ಸಂಗೀತ ಗೊತ್ತಿರಬೇಕಿಲ್ಲ, ಚಹಾ ಕೊಡಲು ಬಂದವರೂ ಮುಖ ಸಿಂಡರಿಸುತ್ತಾರೆ. ಕೀಗಳ ಸಾಲನ್ನೇ ಸರಿಸುವ ಸ್ಕೇಲ್ ಚೇಂಜರ್ ಪೆಟ್ಟಿಗೆಯೂ ಇದಕ್ಕೆ ಮದ್ದಲ್ಲ, ಅಲ್ಲಿ ಸರಿಯುವುದು ಕೀ ಮಾತ್ರ, ಕೆಳಗಿನ ರೀಡುಗಳು ಇದ್ದಲ್ಲೇ ಇರುತ್ತವೆ. ಹನ್ನೆರಡು ಅಂತರಗಳನ್ನು ಸಮ ಮಾಡಿದ ಏರ್ಪಾಡು ಹುಟ್ಟಿದ್ದು ಈ ಕಾರಣಕ್ಕೆ: ಯಾವ ಷಡ್ಜಕ್ಕೂ ಪೂರ್ತಿ ಹೊಂದದಿದ್ದರೂ ಎಲ್ಲ ಷಡ್ಜಗಳಿಗೂ ಒಂದೇ ಪ್ರಮಾಣದಲ್ಲಿ ಹೊಂದದಿರಲಿ ಎಂದು. ಒಂದು ಬೆಳಗ್ಗೆ ಮೂವತ್ತು ಮಕ್ಕಳು ಏಳೆಂಟು ಶ್ರುತಿಗಳಲ್ಲಿ ಹಾಡುವ ಸ್ಪರ್ಧೆಗೆ ನೀವು ತರಿಸಬಹುದಾದ ಪೆಟ್ಟಿಗೆ ಇಂಥದ್ದೇ, ಅದರಲ್ಲಿ ನಿಮ್ಮ ತಪ್ಪಿಲ್ಲ.

ರಾಗದ ಕಡೆಯಿಂದ ನೋಡಿದರೆ ಇನ್ನೂ ಒಂದು ಮಾತಿದೆ. ಕೋಮಲ ಗಾಂಧಾರದ ಕೀ ಒಂದೇ. ದರಬಾರಿಯ ಗಾಂಧಾರವಾದರೋ ತೀರಾ ಕೆಳಗೆ ನಿಧಾನವಾಗಿ ಆಂದೋಲನಗೊಳ್ಳುವಂಥದ್ದು, ಬಾಗೇಶ್ರೀಯದು ಅದಲ್ಲ. ಕೀಗಳ ಸಂಖ್ಯೆಯನ್ನೇ ಹೆಚ್ಚಿಸಿ ಇದನ್ನು ಬಗೆಹರಿಸಲು ನೂರು ವರ್ಷಗಳ ಹಿಂದೆಯೇ ಯತ್ನ ನಡೆದಿತ್ತು. ಐ.ಸಿ.ಎಸ್. ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಮತ್ತು ಕೃಷ್ಣಾಜಿ ಬಲ್ಲಾಳ ದೇವಲ್ ಅವರು ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಒಂದನ್ನು ರೂಪಿಸಿದರು. 1916ರ ಬರೋಡದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದು ಚರ್ಚೆಗೆ ಬಂತು, ಆದರೆ ಸಂಗೀತಗಾರರ ಒಪ್ಪಿಗೆಯನ್ನು ಗಳಿಸಲಿಲ್ಲ. ನಮ್ಮ ಕಾಲದಲ್ಲಿ ಡಾ. ವಿದ್ಯಾಧರ ಓಕ್ ಅವರು ಅದೇ ಆಸೆಯನ್ನು ಹೊಸ ರೀತಿಯಲ್ಲಿ ಮುಂದುವರಿಸಿದ್ದಾರೆ. ಈ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಆದರೂ ಇಪ್ಪತ್ತೆರಡು ಗೂಟಗಳಿಗೆ ಕಟ್ಟಿದರೂ ಆಂದೋಲನ ಗೂಟದ ಮೇಲೆ ನಿಲ್ಲುವ ವಸ್ತುವಲ್ಲ.

ಇಲ್ಲಿಗೆ ಬಂದಾಗ ನಿಮ್ಮಲ್ಲಿ ಕೆಲವರಿಗಾದರೂ ಆಕಾಶವಾಣಿಯ ಹಳೆಯ ನಿಷೇಧ ನೆನಪಾಗಿರುತ್ತದೆ, ನಾನು ಅದನ್ನೇ ಹಿಂಬಾಗಿಲಿನಿಂದ ತರುತ್ತಿದ್ದೇನೆ ಎಂಬ ಅನುಮಾನವೂ ಬಂದಿರಬಹುದು. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಫೋಲ್ಡ್ಸ್ 1938ರಲ್ಲಿ ಹಾರ್ಮೋನಿಯಂ ವಿರುದ್ಧ ಲೇಖನ ಬರೆದರು. ರವೀಂದ್ರನಾಥ ಠಾಕೂರರೂ ಅದೇ ಅಭಿಪ್ರಾಯದಿಂದ ಕಲ್ಕತ್ತದ ರೇಡಿಯೋ ಕೇಂದ್ರಕ್ಕೆ ಪತ್ರ ಬರೆದರು. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಂತಿತು. 1970ರ ದಶಕದ ಆರಂಭದಲ್ಲಿ ಆ ನಿಷೇಧ ಷರತ್ತುಗಳೊಂದಿಗೆ ಸಡಿಲವಾಗುವವರೆಗೆ ಮೂವತ್ತು ವರ್ಷಗಳ ಕಾಲ ಒಂದು ತಲೆಮಾರಿನ ಹಾರ್ಮೋನಿಯಂ ಕಲಾವಿದರು ರೇಡಿಯೋದ ಹೊಸ್ತಿಲ ಹೊರಗೇ ಉಳಿದರು. ಬೆಳಗಾವಿಯ ರಾಂಭಾವು ಬಿಜಾಪುರೆ ಅವರಂಥವರು ಬೆಳೆದು ಹೆಸರು ಮಾಡಿದ್ದು ಆ ಕಾಲದಲ್ಲಿಯೇ ಎಂಬುದನ್ನು ನೆನೆದರೆ ಆ ನಿಷೇಧ ಎಷ್ಟು ಕುರುಡಾಗಿತ್ತು ಎಂಬುದು ತಿಳಿಯುತ್ತದೆ. ಅದರಲ್ಲಿ ನಿಜವಾದ ಒಂದು ಆಕ್ಷೇಪದ ಜೊತೆ ಹತ್ತು ಬೇರೆ ಸಿಟ್ಟುಗಳು ಬೆರೆತಿದ್ದವು: ಪೆಟ್ಟಿಗೆ ವಿದೇಶಿಯದು, ಅದರ ನಾದ ಒರಟು, ಅದರಲ್ಲಿ ಮೀಂಡ್ ಬಾರದು, ಗಮಕ ಬಾರದು. ಮೀಂಡ್ ಗಮಕಗಳ ಮಾತು ಬೇರೆಯದೇ, ಅದನ್ನು ನಾನಿಲ್ಲಿ ಎತ್ತುವುದಿಲ್ಲ. ಗಾಯಕರ ಕಂಠದಲ್ಲಿ ಮೀಂಡ್ ಇರುವಾಗ ಪಕ್ಕವಾದ್ಯದಲ್ಲಿ ಅದು ಇಲ್ಲದಿದ್ದರೆ ಯಾರಿಗೂ ಅಂಕ ಕಡಿಮೆಯಾಗುವುದಿಲ್ಲ. ಶ್ರುತಿಯ ಕಲಮಿನಲ್ಲಿ ಮಗುವಿನ ಅಂಕ ಕಡಿಯುವುದು ಪೆಟ್ಟಿಗೆಯ ಸ್ಥಿರ ಸ್ವರ ಮಾತ್ರ.

ನನ್ನ ವಾದಕ್ಕೂ ಮಿತಿ ಇದೆ. 386 ಎಂಬುದನ್ನು ಇನ್ನೊಂದು ಹಾರ್ಮೋನಿಯಮ್ಮಿನಂತೆ ಮಾಡಿಕೊಂಡು, ಅಲ್ಲಿಂದ ಕದಲಿದವರಿಗೆ ಅಂಕ ಕಡಿಯಿರಿ ಎಂದು ನಾನು ಹೇಳಿದರೆ ಅದೂ ಅನ್ಯಾಯವೇ. 1960ರ ದಶಕದ ಆರಂಭದಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಸ್ಟೋನ್ ಅವರು ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಉಪಕರಣದಿಂದ ಅಳೆದಾಗ, ಗಾಂಧಾರದ ಸ್ಥಾನ ಒಂದೇ ಬಿಂದುವಿನಲ್ಲಿ ನಿಲ್ಲದೆ ಗಮನಾರ್ಹವಾಗಿ ಚಲಿಸುವುದು ಕಂಡಿತ್ತು. ನನ್ನ ಶಿಷ್ಯೆಯ ಗಾಂಧಾರವೂ 11ರಿಂದ 15ರವರೆಗೆ ಓಡಾಡಿದ್ದನ್ನು ನಾನೇ ಮೇಲೆ ಬರೆದಿದ್ದೇನೆ. ವೇಗದ ತಾನಿನಲ್ಲಿ ಈ ಸೂಕ್ಷ್ಮ ಯಾರಿಗೂ ಕೇಳದು, ಅಲ್ಲಿ ಅದರ ಚರ್ಚೆಯೂ ವ್ಯರ್ಥ. ಸ್ವರದ ಮೇಲೆ ನಿಲ್ಲುವ ಜಾಗಗಳಲ್ಲಿ, ವಿಲಂಬಿತದಲ್ಲಿ, ಆಲಾಪದಲ್ಲಿ ಮಾತ್ರ ಇದು ಮುಖ್ಯ. ಅಂಥ ಜಾಗದಲ್ಲಿ ಕಂಠಕ್ಕೆ ಸರಿಯಲು, ಹುಡುಕಲು, ತಂಬೂರದ ಅಲೆ ಅಡಗುವವರೆಗೆ ಇಂಚಿಂಚಾಗಿ ಇಳಿಯಲು ಅವಕಾಶವಿದೆ. ರೀಡಿಗೆ ಅದಿಲ್ಲ. ಆದ್ದರಿಂದ ಇಬ್ಬರೂ ಜೊತೆಗಿದ್ದಾಗ ಯಾವಾಗಲೂ ಸೋತು ಹತ್ತಿರ ಬರಬೇಕಾದವರು ಹಾಡುವವರೇ. ದೊಡ್ಡ ಗಾಯಕರು ಹಾರ್ಮೋನಿಯಮ್ಮಿಗೆ ಮಣಿಯದೆ ತಮ್ಮ ಸ್ವರದಲ್ಲಿ ನಿಲ್ಲಬಲ್ಲರು, ಅವರ ಜೊತೆ ನುಡಿಸುವವರಿಗೂ ಅದು ಗೊತ್ತು. ಹದಿಮೂರರ ಹುಡುಗಿ ಮಣಿಯುತ್ತಾಳೆ.

ಅಂದು ನುಡಿಸಿದ ಹಾರ್ಮೋನಿಯಂ ಕಲಾವಿದರು ನನಗೆ ಪರಿಚಿತರು, ಸೊಗಸಾದ ಕೈ. ಒಂದು ವಾರದ ನಂತರ ಸಿಕ್ಕಾಗ ನಾನು ವಿಷಯ ಎತ್ತುವ ಮೊದಲೇ ಅವರೇ ಹೇಳಿದರು: "ನೋಡಿ ಮಾಸ್ಟ್ರೇ, ಭೂಪ ಆದ್ರೆ ನಾನು ಗಾಂಧಾರದಲ್ಲಿ ಕೂತುಕೊಳ್ಳುವುದಿಲ್ಲ, ಮುಟ್ಟಿ ಬಿಡುವುದು. ಅವತ್ತು ಮಕ್ಕಳಿಗೆ ಸ್ವರ ತಪ್ಪದ ಹಾಗೆ ಎತ್ತಿ ನುಡಿಸಿ ಅಂತ ಹೇಳಿದ್ರು. ಏನು ಮಾಡುವುದು ಮಾರಾಯ್ರೆ?" ಬಲ್ಲವರು ನುಡಿಸುವ ಕ್ರಮ ಇದೇ. ಗಾಯಕರು ಗಾಂಧಾರದ ಮೇಲೆ ನಿಂತಾಗ ಅವರು ಆ ಕೀಯನ್ನು ಒತ್ತಿ ಹಿಡಿಯದೆ ಷಡ್ಜಕ್ಕೋ ಪಂಚಮಕ್ಕೋ ಸರಿದು, ಧ್ವನಿ ತಗ್ಗಿಸಿ, ಗಾಯಕರು ಹೊರಟ ಮೇಲೆ ಮೆಲ್ಲನೆ ಹಿಂಬಾಲಿಸುತ್ತಾರೆ. ಎರಡು ಸಾಲಿನ ರೀಡುಗಳ ಬದಲು ಒಂದನ್ನೇ ತೆರೆಯುತ್ತಾರೆ. ಮಕ್ಕಳಿಗೆ ನೆರವಾಗಲಿ ಎಂದು ನೀವು ಕೊಟ್ಟ ಸೂಚನೆ ಸದುದ್ದೇಶದ್ದೇ ಇರಬಹುದು, ಆದರೆ ಅದು ಈ ವಿವೇಕವನ್ನೇ ಅವರ ಕೈಯಿಂದ ಕಿತ್ತುಕೊಂಡಿತು.

ನಮ್ಮ ಊರಿಗೆ ಇದೆಲ್ಲ ಹೊಸ ವಿಷಯವೂ ಅಲ್ಲ. ಯಕ್ಷಗಾನದಲ್ಲಿ ಭಾಗವತರ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಕುಳಿತವರನ್ನು ನೀವೆಲ್ಲ ಬಾಲ್ಯದಿಂದ ನೋಡಿದ್ದೀರಿ. ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಬಂದು ಆ ಜಾಗ ಹಲವೆಡೆ ತೆರವಾಗಿದ್ದರೂ ಕ್ರಮ ಮರೆತಿಲ್ಲ. ಬಿಳಿ 4 ಎಂದರೆ ಬಿಳಿ 4, ಕಪ್ಪು 2 ಎಂದರೆ ಕಪ್ಪು 2, ಇಡೀ ರಾತ್ರಿ ಅವರು ಹಿಡಿಯುತ್ತಿದ್ದುದು ಶ್ರುತಿಯನ್ನು ಮಾತ್ರ, ಪದ್ಯದ ಹಿಂದೆ ಬೆರಳು ಓಡಿಸುತ್ತಿರಲಿಲ್ಲ. ಷಡ್ಜದಲ್ಲಿ ವ್ಯತ್ಯಾಸವೆಂಬುದೇ ಇಲ್ಲ, ಪಂಚಮದಲ್ಲಿ ಎರಡು ಸೆಂಟ್. ಅದೇ ಪೆಟ್ಟಿಗೆ ಅಲ್ಲಿ ಯಾವ ಭಾಗವತರ ಗಾಂಧಾರವನ್ನೂ ಕೆಡಿಸಿದ್ದು ನಾನು ಕೇಳಿಲ್ಲ. ಹಾಗೆಯೇ ಮಲ್ಪೆಯ ಭಜನಾ ಮಂದಿರದಲ್ಲಿ ಐವತ್ತು ಮಂದಿ ಒಕ್ಕೊರಲಿನಿಂದ ಹಾಡುವಾಗ ಹಾರ್ಮೋನಿಯಂ ಬೇಕೇ ಬೇಕು, ಅಲ್ಲಿ ಅದು ಎಲ್ಲರನ್ನೂ ಒಂದು ದಾರಿಯಲ್ಲಿ ನಡೆಸುತ್ತದೆ, ಹದಿನಾಲ್ಕು ಸೆಂಟಿನ ಪಂಚಾಯ್ತಿಗೆ ಅಲ್ಲಿ ಯಾರೂ ಕೂರುವುದಿಲ್ಲ. ಒಬ್ಬ ಮಗು ಒಂಟಿಯಾಗಿ ಕುಳಿತು ರಾಗ ಹಾಡುವಾಗ, ಅದರ ಶ್ರುತಿಗೆ ಅಂಕ ಹಾಕುವಾಗ ಮಾತ್ರ ಕಥೆ ಬೇರೆಯಾಗುತ್ತದೆ.

ಆದ್ದರಿಂದ ಮುಂದಿನ ಸ್ಪರ್ಧೆಯ ನಿಯಮಪತ್ರ ಅಚ್ಚಿಗೆ ಹೋಗುವ ಮೊದಲು ನನ್ನ ಕೋರಿಕೆಯನ್ನು ಪರಿಶೀಲಿಸಬೇಕು. ಹಾರ್ಮೋನಿಯಂ ಬೇಡ ಎಂದು ಬರೆಯಬೇಡಿ. 'ಹಾರ್ಮೋನಿಯಂ ಜೊತೆಗೇ ಹಾಡಬೇಕು' ಎಂಬಲ್ಲಿ 'ತಂಬೂರ ಕಡ್ಡಾಯ, ಹಾರ್ಮೋನಿಯಂ ಅಥವಾ ಪಿಟೀಲು ಅಥವಾ ಸಾರಂಗಿ ಸ್ಪರ್ಧಿಯ ಇಚ್ಛೆ' ಎಂದು ಬರೆಯಿರಿ, ತಂಬೂರವೊಂದೇ ಸಾಕೆನ್ನುವ ಮಗುವಿಗೆ ಹಾಗೆಯೇ ಹಾಡಲು ಬಿಡಿ. ತಂಬೂರಕ್ಕೆ ಮೈಕು ಕೊಡಿ, ತೀರ್ಪುಗಾರರ ಮೇಜಿಗೆ ಅದು ಕೇಳುತ್ತದೆಯೇ ಎಂದು ಬೆಳಗ್ಗೆಯೇ ಒಬ್ಬರನ್ನು ಕೂರಿಸಿ ನೋಡಿ. ಹಾರ್ಮೋನಿಯಂ ನುಡಿಸುವವರಿಗೆ ಎಷ್ಟು ಜೋರು ನುಡಿಸಬೇಕೆಂದು ಹೇಳುವ ಗೊಡವೆಗೆ ಹೋಗಬೇಡಿ, ಅದು ಅವರಿಗೆ ಗೊತ್ತು. ಶ್ರುತಿಯ ಇಪ್ಪತ್ತು ಅಂಕಗಳಲ್ಲಿ ಹತ್ತನ್ನಾದರೂ, ಸ್ಪರ್ಧಿಯು ಮೊದಲ ಎರಡು ನಿಮಿಷ ತಂಬೂರದೊಂದಿಗೆ ಮಾತ್ರ ಮಾಡುವ ಆಲಾಪಕ್ಕೆ ಮೀಸಲಿಡಿ. ಹೀಗೆ ಮಾಡಿದರೆ ಪ್ರತಿ ಸ್ಪರ್ಧಿಗೆ ಹೆಚ್ಚುವರಿ ಸಮಯ ಬೇಕಾಗುತ್ತದೆ ಎಂಬುದು ನನಗೆ ತಿಳಿದಿದೆ. ಮೂವತ್ತು ಮಕ್ಕಳಿಗೆ ಒಂದು ಗಂಟೆ. ಉದ್ಘಾಟನಾ ಭಾಷಣಗಳಿಗೆ ಕಳೆದ ಸಲ ಹೋದದ್ದು ಅದಕ್ಕಿಂತ ಹೆಚ್ಚು.

ನಾನು ಬರೆದ ಲೆಕ್ಕಗಳನ್ನು ನಂಬಬೇಕಾಗಿಲ್ಲ. ನಿಮಗೆ ಅನುಕೂಲವಾದ ಒಂದು ಭಾನುವಾರ ಮಧ್ಯಾಹ್ನ, ಅದೇ ಸಭಾಂಗಣದಲ್ಲಿ ಫ್ಯಾನುಗಳನ್ನು ನಿಲ್ಲಿಸಿ ಅರ್ಧ ಗಂಟೆ ಕುಳಿತರೆ ಸಾಕು. ತಂಬೂರವನ್ನು ನಾನು ತರುತ್ತೇನೆ, ಹಾರ್ಮೋನಿಯಂ ನಿಮ್ಮದೇ ಇರಲಿ, ನುಡಿಸುವವರೂ ಅಂದಿನವರೇ ಬರಲು ಒಪ್ಪಿದ್ದಾರೆ. ಪಂಚಮವನ್ನೂ ಗಾಂಧಾರವನ್ನೂ ಒಂದರ ನಂತರ ಒಂದು ಒತ್ತಿ ಹಿಡಿಯುತ್ತೇವೆ. ಅಂಕಪಟ್ಟಿಯಲ್ಲಿ ಆ ಸಾಲು ಬರೆದ ತೀರ್ಪುಗಾರರು ಅಂದು ಬಂದರೆ ನನಗೆ ಎಲ್ಲರಿಗಿಂತ ಹೆಚ್ಚು ಸಂತೋಷವಾಗುತ್ತದೆ. ಅವರ ಕುರ್ಚಿಯನ್ನು ದಯವಿಟ್ಟು ತಂಬೂರದ ಹತ್ತಿರ ಹಾಕಿಸಿ.

ಇತಿ ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ಗಾಯನ ಶಿಕ್ಷಕ